ಮೀರದ, ಮೀರಿದ: ಬೆಳಗಿನ ಐದು ಗಂಟೆಯ ಪುಟಗಳ ಒಂದು ಪ್ರಕರಣ

ಆಷಾಢದ ಒಂದು ಮಧ್ಯಾಹ್ನ ಆರೋಗ್ಯ ವಿಮೆಯ ಷರತ್ತುಗಳ ಕನ್ನಡ ಅನುವಾದವನ್ನು ತಿದ್ದುತ್ತ ಕುಳಿತಿದ್ದೆ. ಆಸ್ಪತ್ರೆಗೆ ಸೇರುವ ಮುಂಚಿನ ಖರ್ಚನ್ನು 30 ದಿನಗಳಿಗೆ ಮೀರದ ಅವಧಿಗೆ ಕೊಡಲಾಗುವುದು ಎಂಬುದು ಇಂಗ್ಲಿಷ್ ಮೂಲದ ಮಾತು. ಅನುವಾದದಲ್ಲಿ ‘30 ದಿನಗಳಿಗೆ ಮೀರಿದ ಅವಧಿಗೆ’ ಎಂದಿತ್ತು. ರಕಾರಕ್ಕೆ ಒಂದು ಗುಡಿಸು ಹೆಚ್ಚಾಗಿ ಬಿದ್ದಿದೆ, ಅಷ್ಟೇ. ಅರ್ಥ ಮಾತ್ರ ತಲೆಕೆಳಗಾಗಿದೆ. ಎರಡು ಪುಟ ದಾಟಿದರೆ ‘ದಾಖಲೆಗಳನ್ನು ಸಲ್ಲಿಸದ ಹೊರತು’ ಎಂದಿರಬೇಕಾದ ಕಡೆ ‘ಸಲ್ಲಿಸಿದ ಹೊರತು’ ಎಂದಿತ್ತು. ಎರಡೂ ಸರಿಯಾದ ಕನ್ನಡ ಪದಗಳೇ ಆದ್ದರಿಂದ ಕಾಗುಣಿತ ನೋಡುವ ಯಾವ ತಂತ್ರಾಂಶವೂ ಇಂಥದ್ದನ್ನು ಹಿಡಿಯುವುದಿಲ್ಲ. ಕಣ್ಣೇ ಹಿಡಿಯಬೇಕು.

ಅನುವಾದ ಮಾಡಿದವರು ಹದಿನಾರು ವರ್ಷ ಈ ಕೆಲಸದಲ್ಲಿ ಪಳಗಿದವರು. ಮೈಸೂರಿನಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಾರೆ. ವಿಮೆ, ಬ್ಯಾಂಕು, ಸರ್ಕಾರಿ ನಿಯಮಾವಳಿಗಳೇ ಹೆಚ್ಚು, ನಡುನಡುವೆ ಆರೋಗ್ಯ ಪ್ರಚಾರದ ಕರಪತ್ರಗಳು. ಅವರ ಪುಟಗಳನ್ನು ಪರಿಷ್ಕರಿಸುವ ಕೆಲಸ ನನ್ನದು. ‘ಹೊರತು’ ಹೇಗೆ ಬಳಸಬೇಕೆಂದು ಹೊಸಬರಿಗೆ ಕಲಿಸಿಕೊಡುವವರೇ ಅವರು. ಆದ್ದರಿಂದ ಇದು ತಿಳಿಯದೆ ಆದ ತಪ್ಪಲ್ಲ. ಕಡತದ ಬದಿಯಲ್ಲಿ ದಾಖಲಾಗಿದ್ದ ಹೊತ್ತನ್ನು ನೋಡಿದೆ. ಎರಡು ವಾಕ್ಯಗಳೂ ಬೆಳಗಿನ 5:50ರಿಂದ 6:20ರ ನಡುವೆ ಹುಟ್ಟಿದ್ದವು.

ಫೋನ್ ಮಾಡಿ ಹೇಳಿದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ‘ಸರ್, ಕಷ್ಟದ ಪುಟಗಳನ್ನೆಲ್ಲ ನಾನು ಬೇಕೆಂದೇ ಆ ಹೊತ್ತಿಗೆ ಇಟ್ಟುಕೊಳ್ಳುತ್ತೇನೆ. ಮನೆಯಲ್ಲಿ ಸದ್ದಿರುವುದಿಲ್ಲ. ತಲೆ ಅಷ್ಟು ತಿಳಿಯಾಗಿ ಇರುವ ಹೊತ್ತು ಇನ್ನೊಂದಿಲ್ಲ.’ ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ತಲೆಗೆ ಹತ್ತುತ್ತದೆ ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಪರೀಕ್ಷೆಯ ದಿನಗಳಲ್ಲಿ ನಾಲ್ಕೂವರೆಗೆ ಎಬ್ಬಿಸಿ ಕಾಫಿ ಕೊಟ್ಟು ಕೂರಿಸಿದ ತಾಯಂದಿರ ಮಕ್ಕಳು ನಾವು. ಅವರ ಅತ್ತೆಯೂ ಅದೇ ಪಂಥದವರು. ಸ್ವತಃ 4:45ಕ್ಕೆ ಏಳುವ ಆಕೆ ಸೊಸೆ ಐದಕ್ಕೆ ಎದ್ದು ಕೂರುವುದನ್ನು ನೆರೆಹೊರೆಯವರ ಮುಂದೆ ಹೇಳಿಕೊಂಡು ಹೆಮ್ಮೆಪಡುತ್ತಿದ್ದರು.

ಅವರ ದಿನ ಆಗ ಹೀಗಿತ್ತು. ಐದರಿಂದ ಏಳರವರೆಗೆ ವಿಮೆಯ ಪುಟಗಳು. ನಂತರ ತಿಂಡಿ, ಮಗಳ ಡಬ್ಬಿ, 7:45ಕ್ಕೆ ಶಾಲೆಯ ವ್ಯಾನು. 9:30ರಿಂದ ಒಂದು ಗಂಟೆ ಇಮೇಲು, ಫೋನು. 10:30ರಿಂದ 12:30ರವರೆಗೆ ಅಷ್ಟು ಬಿಗಿಯಲ್ಲದ ಪಠ್ಯ. ಊಟದ ನಂತರ 2:30ರಿಂದ 4:30ರವರೆಗೆ ಉಳಿದದ್ದು. ಕೆಲವು ದಿನ ರಾತ್ರಿ ಎಂಟೂವರೆಗೆ ಇನ್ನೊಂದು ಗಂಟೆ. ಅಡುಗೆಮನೆ ಮುಗಿಯುವಾಗ ಹತ್ತಾಗುತ್ತಿತ್ತು. ಆಮೇಲಿನ ಹೊತ್ತು ‘ನನ್ನದು’ ಎನ್ನುತ್ತಿದ್ದರು. ಹಾಗಾಗಿ ಮಲಗುವುದು 11:45ಕ್ಕೆ.

ಅವರ ತಲೆ ನಿಜಕ್ಕೂ ಚುರುಕಾಗಿರುವ ಹೊತ್ತು ಯಾವುದೆಂದು ಕಂಡುಕೊಂಡು ದಿನಚರಿಯನ್ನು ಅದಕ್ಕೆ ತಕ್ಕಂತೆ ಜೋಡಿಸೋಣ, ಮೊದಲ ಎರಡು ವಾರ ಮಾತ್ರ ಏನನ್ನೂ ಬದಲಿಸದೆ ಬರೆದಿಡುವುದಷ್ಟೇ ಎಂದು ಒಪ್ಪಿಕೊಂಡೆವು. ದಿನಕ್ಕೆ ಐದು ಸಲ ತಮ್ಮ ಎಚ್ಚರದ ಮಟ್ಟವನ್ನು ಅವರು 1ರಿಂದ 9ರ ಅಳತೆಯಲ್ಲಿ ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಗುರುತಿಸಬೇಕು. ನಿದ್ರೆಯ ಸಂಶೋಧಕರು ಬಳಸುವ ಕರೋಲಿನ್ಸ್ಕಾ ಅಳತೆ ಇದು: 1 ಎಂದರೆ ಪೂರ್ತಿ ಎಚ್ಚರ, 9 ಎಂದರೆ ಕಣ್ಣು ತೆರೆದಿಡುವುದೇ ಹೋರಾಟ. ನನ್ನ ಪಾಲಿನ ಕೆಲಸ ಪ್ರತಿ ಪುಟದ ಅರ್ಥದ ತಪ್ಪುಗಳನ್ನು ಎಣಿಸುವುದು. ಬೆರಳು ಜಾರಿದ ಅಕ್ಷರಗಳನ್ನೂ ಶೈಲಿಯ ಒರಟುತನವನ್ನೂ ಬಿಟ್ಟೆ. ನಿಷೇಧ ತಿರುಗಿದ್ದು, ಅಂಕಿ ತಪ್ಪಿದ್ದು, ಒಂದು ಉಪವಾಕ್ಯವೇ ಬಿಟ್ಟುಹೋಗಿದ್ದು, ಈ ಮೂರು ಮಾತ್ರ ಲೆಕ್ಕಕ್ಕೆ. ದಣಿದ ಮಿದುಳು ಮೊದಲು ಕಳೆದುಕೊಳ್ಳುವುದು ಇವನ್ನೇ, ಏಕೆಂದರೆ ಇವನ್ನು ಸರಿಯಾಗಿ ಸಾಗಿಸಲು ವಾಕ್ಯದ ತಲೆಯನ್ನು ನೆನಪಿನಲ್ಲಿ ಹಿಡಿದಿಟ್ಟುಕೊಂಡೇ ಬಾಲಕ್ಕೆ ಹೋಗಬೇಕು. ಇಂಗ್ಲಿಷಿನ ಕಾನೂನು ವಾಕ್ಯದಲ್ಲಿ ಮೊದಲೇ ಬರುವ ನಿಷೇಧ ಕನ್ನಡದಲ್ಲಿ ಕೊನೆಯ ಕ್ರಿಯಾಪದದ ಹೊಟ್ಟೆಯೊಳಗೆ ಕೂರುತ್ತದೆ. ನಡುವೆ ನಲವತ್ತು ಪದಗಳ ದಾರಿ ಇರುತ್ತದೆ.

ಎರಡು ವಾರಗಳಲ್ಲಿ 58 ಪುಟ, 31 ತಪ್ಪು. ಬೆಳಗಿನ ಐದರಿಂದ ಏಳರ 20 ಪುಟಗಳಲ್ಲಿ 17. ಹತ್ತೂವರೆಯ ನಂತರದ 22 ಪುಟಗಳಲ್ಲಿ 5. ಮಧ್ಯಾಹ್ನದ 10 ಪುಟಗಳಲ್ಲಿ 7. ರಾತ್ರಿಯ 6 ಪುಟಗಳಲ್ಲಿ 2.

ಕ್ಯಾಲೆಂಡರ್ ಬೇರೆಯೇ ಕಥೆ ಹೇಳುತ್ತಿತ್ತು. ಐದೂವರೆಯ ಚೌಕಗಳಲ್ಲೆಲ್ಲ 3, 4, 3 ಎಂದಿತ್ತು. ಅಂದರೆ ಒಳ್ಳೆಯ ಎಚ್ಚರ. ಹನ್ನೊಂದು ಗಂಟೆಯ ಚೌಕಗಳಲ್ಲಿ 5, 6. ಅವರಿಗೆ ಅತ್ಯುತ್ತಮ ಎನಿಸಿದ ಹೊತ್ತಿನಲ್ಲಿ ಅತಿ ಕೆಟ್ಟ ಪುಟಗಳು ಬಂದಿದ್ದವು. ಹೀಗೇಕೆ ಎಂದು ಮಾತಾಡುತ್ತ ಹೋದಾಗ ಒಂದು ವಿಷಯ ಬಿಚ್ಚಿಕೊಂಡಿತು. ಅವರು ಗುರುತಿಸುತ್ತಿದ್ದುದು ತಮ್ಮ ಎಚ್ಚರವನ್ನಲ್ಲ, ಮನೆಯ ಮೌನವನ್ನು. ಹನ್ನೊಂದು ಗಂಟೆಗೆ ಕುಕ್ಕರ್ ಕೂಗುತ್ತದೆ, ಕೊರಿಯರ್ ಬರುತ್ತದೆ, ಅತ್ತೆ ಟಿ.ವಿ. ಹಾಕುತ್ತಾರೆ. ಆ ಕಿರಿಕಿರಿಯೆಲ್ಲ ‘6’ ಎಂಬ ಅಂಕಿಯಾಗಿ ಇಳಿಯುತ್ತಿತ್ತು. ಕಿರಿಕಿರಿಯ ನಡುವೆಯೂ ತಲೆ ಸರಿಯಾಗಿಯೇ ಓಡುತ್ತಿತ್ತು.

ಎಚ್ಚರದ ಬಗ್ಗೆ ನಮ್ಮದೇ ಸಾಕ್ಷ್ಯವನ್ನು ಪೂರ್ತಿ ನಂಬುವಂತಿಲ್ಲ ಎಂಬುದಕ್ಕೆ ಗಟ್ಟಿಯಾದ ಪ್ರಯೋಗವೊಂದಿದೆ. 2003ರಲ್ಲಿ ಹ್ಯಾನ್ಸ್ ವ್ಯಾನ್ ಡಾಂಗೆನ್, ಡೇವಿಡ್ ಡಿಂಜಸ್ ಮತ್ತು ಸಂಗಡಿಗರು ಪ್ರಕಟಿಸಿದ ಆ ಅಧ್ಯಯನದಲ್ಲಿ ಆರೋಗ್ಯವಂತರನ್ನು 14 ದಿನ ರಾತ್ರಿಗೆ ನಾಲ್ಕು, ಆರು ಅಥವಾ ಎಂಟು ಗಂಟೆ ಮಾತ್ರ ಹಾಸಿಗೆಯಲ್ಲಿರಲು ಬಿಟ್ಟರು. ಆರು ಗಂಟೆಯವರ ಗಮನಶಕ್ತಿ ದಿನದಿಂದ ದಿನಕ್ಕೆ ಕುಸಿಯುತ್ತಲೇ ಹೋಯಿತು. ಅವರು ಹೇಳಿಕೊಂಡ ನಿದ್ದೆಗಣ್ಣಿನ ಮಟ್ಟ ಮಾತ್ರ ಕೆಲವೇ ದಿನಗಳಲ್ಲಿ ಬಹುಪಾಲು ಒಂದೇ ಕಡೆ ನಿಂತುಬಿಟ್ಟಿತು. ಅಭ್ಯಾಸವಾಗಿದೆ ಎಂದುಕೊಂಡರು, ಆಗಿರಲಿಲ್ಲ. ನಮ್ಮ ಅನುವಾದಕಿಯ ನಿದ್ರೆ ಆರೂ ಅಲ್ಲ, ಐದೂಕಾಲು ಗಂಟೆ.

ಇಷ್ಟು ಹೇಳುವಷ್ಟರಲ್ಲಿ ಅವರು ಒಂದು ತೀರ್ಮಾನಕ್ಕೆ ಬಂದಿದ್ದರು. ‘ಹಾಗಾದರೆ ನಾನು ಗೂಬೆಯ ಜಾತಿ ಸರ್. ಕಷ್ಟದ ಕೆಲಸವನ್ನೆಲ್ಲ ರಾತ್ರಿಗೆ ಹಾಕಿಕೊಳ್ಳುತ್ತೇನೆ.’ ಭಾನುವಾರ ಅಲಾರಂ ಇಲ್ಲದಿದ್ದರೆ ಬೆಳಗ್ಗೆ 8:45ರವರೆಗೆ ಮಲಗುತ್ತಾರೆ, ಅದೇ ಅವರ ಪುರಾವೆ. ಬಹಳ ಜನ ಎಡವುವುದು ಇಲ್ಲಿಯೇ. ಅದಕ್ಕೇ ಈ ಲೆಕ್ಕವನ್ನು ಪೂರ್ತಿ ಬಿಡಿಸಿ ಬರೆಯುತ್ತೇನೆ.

ಒಬ್ಬರ ದೇಹದ ಗಡಿಯಾರ ಬೇಗನೆಯದೋ ತಡದದೋ ಎಂದು ತಿಳಿಯಲು ಮ್ಯೂನಿಕ್‌ನ ಟಿಲ್ ರೋನ್ನೆಬರ್ಗ್ ಮತ್ತು ಅವರ ತಂಡ ಒಂದು ಸರಳ ದಾರಿ ತೋರಿಸಿದ್ದಾರೆ. ಅಲಾರಂ ಇಲ್ಲದ ರಜೆಯ ದಿನ ನಿದ್ರೆಯ ನಡುಬಿಂದು ಎಲ್ಲಿ ಬೀಳುತ್ತದೆ ಎಂದು ನೋಡುವುದು. ಇವರು ಶನಿವಾರ ರಾತ್ರಿ 12:45ಕ್ಕೆ ಮಲಗಿ 8:45ಕ್ಕೆ ಏಳುತ್ತಾರೆ. ಎಂಟು ಗಂಟೆ ನಿದ್ರೆ, ನಡುಬಿಂದು 4:45. ಇಷ್ಟಕ್ಕೇ ನಿಲ್ಲಿಸಿದರೆ ತಡದ ಜಾತಿ ಎಂದೇ ತೋರುತ್ತದೆ. ಆದರೆ ಭಾನುವಾರದ ನಿದ್ರೆಯಲ್ಲಿ ವಾರವಿಡೀ ಕಡಿಮೆ ಮಲಗಿ ಬೆಳೆದ ನಿದ್ರೆಯ ಸಾಲದ ತೀರುವಳಿಯೂ ಸೇರಿದೆ, ಅದನ್ನು ಕಳೆಯಬೇಕು. ಆರು ದಿನ ಐದೂಕಾಲು ಗಂಟೆ, ಒಂದು ದಿನ ಎಂಟು ಗಂಟೆ ಎಂದರೆ ವಾರದ ಸರಾಸರಿ ಸುಮಾರು 5 ಗಂಟೆ 38 ನಿಮಿಷ. ಭಾನುವಾರ ಅದಕ್ಕಿಂತ 2 ಗಂಟೆ 22 ನಿಮಿಷ ಹೆಚ್ಚು ಮಲಗಿದ್ದಾರೆ. ಈ ಹೆಚ್ಚಳದ ಅರ್ಧವನ್ನು, ಅಂದರೆ 1 ಗಂಟೆ 11 ನಿಮಿಷವನ್ನು, ನಡುಬಿಂದುವಿನಿಂದ ಹಿಂದೆ ಸರಿಸಿದರೆ ಉಳಿಯುವುದು 3:34.

ಇದು ಗೂಬೆಯ ಅಂಕಿಯಲ್ಲ. ನಡುಮಟ್ಟದ, ಬಹುಮಂದಿಯಂಥ ಗಡಿಯಾರ. ಸಾಲವಿಲ್ಲದಿದ್ದರೆ ಈ ದೇಹ ಹೆಚ್ಚುಕಡಿಮೆ ಹನ್ನೆರಡಕ್ಕೆ ಸ್ವಲ್ಪ ಮುಂಚೆ ಮಲಗಿ ಏಳು ದಾಟಿದ ಮೇಲೆ ತಾನಾಗಿ ಏಳುತ್ತಿತ್ತು. ರಾತ್ರಿ ಎಂಟೂವರೆಗೆ ಅವರಿಗೆ ಕಾಣುತ್ತಿದ್ದ ಹುರುಪು ಗೂಬೆತನವೂ ಅಲ್ಲ. ಮಲಗುವ ಹೊತ್ತಿಗೆ ಎರಡು ಮೂರು ಗಂಟೆ ಮುಂಚೆ ದೇಹದ ಗಡಿಯಾರ ಎಚ್ಚರವನ್ನು ಬಲವಾಗಿ ಎತ್ತಿಹಿಡಿಯುತ್ತದೆ. ದಿನವಿಡೀ ಸೇರಿದ ನಿದ್ರೆಯ ಒತ್ತಡವನ್ನು ಅದು ಸ್ವಲ್ಪ ಹೊತ್ತು ಮರೆಸುತ್ತದೆ. ಆ ಹುರುಪನ್ನು ನಂಬಿ ಕಷ್ಟದ ಕೆಲಸವನ್ನು ರಾತ್ರಿಗೆ ಸಾಗಿಸಿದ್ದರೆ ಮಲಗುವುದು ಇನ್ನೂ ತಡವಾಗಿ ಸಾಲ ಬೆಳೆಯುತ್ತಿತ್ತು.

ಈ ಲೆಕ್ಕದಿಂದ ಐದು ಗಂಟೆಯ ಗುಟ್ಟೂ ಹೊರಬಿತ್ತು. ದೇಹದ ಒಳಗಿನ ಉಷ್ಣತೆ ದಿನದಲ್ಲೇ ಅತಿ ಕೆಳಗಿಳಿಯುವುದು ಸಹಜವಾಗಿ ಏಳುವ ಹೊತ್ತಿಗೆ ಸುಮಾರು ಎರಡು ಮೂರು ಗಂಟೆ ಮೊದಲು. ಎಚ್ಚರದ ತಗ್ಗೂ ಅಲ್ಲಿಯೇ. ಏಳು ದಾಟಿ ಏಳಬೇಕಾದ ದೇಹಕ್ಕೆ ಆ ತಗ್ಗು ಬೀಳುವುದು ಸರಿಸುಮಾರು ಐದಕ್ಕೆ. ಎದ್ದ ತಕ್ಷಣದ ಮಂಪರು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕರಗುತ್ತದೆ. ನಿದ್ರೆ ಕೊರತೆಯಿದ್ದು ಈ ತಗ್ಗಿನಲ್ಲೇ ಎದ್ದರೆ ಇನ್ನೂ ಬಹಳ ಹೊತ್ತು ಎಳೆಯುತ್ತದೆ. ಹದಿನಾರು ವರ್ಷದ ಅನುಭವಿಯೊಬ್ಬರು ತಮ್ಮ ಅತಿ ಬಿಗಿಯಾದ ಪುಟಗಳನ್ನು ತಮ್ಮ ಅತಿ ಆಳದ ಗುಂಡಿಯಲ್ಲಿ ಕುಳಿತು ಮಾಡುತ್ತಿದ್ದರು. ಅತ್ತೆಯ ದೇಹಕ್ಕೆ ಅದೇ ಐದು ಗಂಟೆ ಹೊಂದುತ್ತದೆ. ವಯಸ್ಸಾದಂತೆ ಗಡಿಯಾರ ಹಿಂದಕ್ಕೆ ಸರಿಯುವುದು ಸಾಮಾನ್ಯ. ಬ್ರಾಹ್ಮೀ ಮುಹೂರ್ತದ ಮಹಿಮೆಯನ್ನು ಹೇಳಿಕೊಡುವವರು ಮನೆಯ ಹಿರಿಯರೇ ಆಗಿರುವುದರಲ್ಲಿ ಇದರ ಪಾಲೂ ಇರಬಹುದು ಎಂದು ನನಗೆ ಅನುಮಾನ.

ಒಂದು ಆಕ್ಷೇಪ ಉಳಿದಿತ್ತು, ಅದನ್ನು ಎತ್ತಿದವರು ಅವರೇ. ಕಷ್ಟದ ಪುಟಗಳೆಲ್ಲ ಬೆಳಗ್ಗೆಯೇ ಆಗಿದ್ದರೆ ತಪ್ಪು ಹೆಚ್ಚಿದ್ದುದು ಹೊತ್ತಿನಿಂದಲೋ ಪುಟದ ಕಷ್ಟದಿಂದಲೋ? ನ್ಯಾಯವಾದ ಪ್ರಶ್ನೆ. ಮೂರನೆಯ ವಾರ ಏಳುವ ಹೊತ್ತನ್ನು ಬದಲಿಸದೆ ಪಠ್ಯಗಳನ್ನು ಮಾತ್ರ ಅದಲು ಬದಲು ಮಾಡಿದೆವು. ಐದು ಗಂಟೆಗೆ ಡೆಂಗಿ ಜ್ವರದ ಕರಪತ್ರದಂಥ ಸುಲಭದ್ದು, ಹತ್ತೂವರೆಗೆ ವಿಮೆ. ವಿಮೆಯ 9 ಪುಟಗಳಲ್ಲಿ 3 ತಪ್ಪು, ಕರಪತ್ರಗಳ 8 ಪುಟಗಳಲ್ಲಿ 5. ಕರಪತ್ರದಲ್ಲಿ ‘ನೀರು ನಿಲ್ಲದಂತೆ’ ಎಂಬುದು ‘ನಿಲ್ಲುವಂತೆ’ ಆಗಿತ್ತು. ಸಣ್ಣ ಲೆಕ್ಕ, ವಿಜ್ಞಾನದ ಪುರಾವೆ ಎನ್ನಲಾರೆ. ಒಬ್ಬರ ದಿನಚರಿ ನಿರ್ಧರಿಸಲು ಅಷ್ಟು ಸಾಕೆನಿಸಿತು.

ಮೊದಲ ಬದಲಾವಣೆ ವೇಳಾಪಟ್ಟಿಯದಲ್ಲ, ನಿದ್ರೆಯದು. ಸಾಲದಲ್ಲಿರುವ ದೇಹದ ಏರಿಳಿತವನ್ನು ನೋಡಿ ಪಟ್ಟಿ ಮಾಡಿದರೆ ಆ ಪಟ್ಟಿ ಸಾಲದ ಚಿತ್ರವಾಗುತ್ತದೆಯೇ ಹೊರತು ದೇಹದ ಚಿತ್ರವಾಗುವುದಿಲ್ಲ. ರಾತ್ರಿ 11:15ಕ್ಕೆ ಮಲಗಿ ಬೆಳಗ್ಗೆ 6:30ಕ್ಕೆ ಏಳುವುದು, ಎರಡು ವಾರ ಇಷ್ಟೇ. ಐದರಿಂದ ಏಳರ ಕೆಲಸ ಹೋಯಿತು, ಮಿಕ್ಕದ್ದು ಹಾಗೆಯೇ. ಅತ್ತೆಗೆ ಇದು ಹಿಡಿಸಲಿಲ್ಲ. ‘ಸೂರ್ಯ ಬಂದ ಮೇಲೆ ಎದ್ದರೆ ಮನೆಗೆ ಏನು ಲಕ್ಷಣವಮ್ಮ?’ ಎಂದು ಮೂರು ದಿನ ಮಾತಾಡಿದರು, ನಾಲ್ಕನೆಯ ದಿನದಿಂದ ಮಾತು ಬಿಟ್ಟು ಪಾತ್ರೆಗಳ ಸದ್ದಿನಲ್ಲಿ ಹೇಳತೊಡಗಿದರು. ಸೊಸೆ ತಪ್ಪಾಗಿದ್ದ ಆ ವಿಮೆಯ ವಾಕ್ಯವನ್ನು ಓದಿ ಹೇಳಿದಾಗ ಆಕೆ ಕೇಳಿದ್ದು ಒಂದೇ: ‘ಹಾಗಾದರೆ ದುಡ್ಡು ಬರುತ್ತಿತ್ತೋ ಇಲ್ಲವೋ?’ ಆಮೇಲೆ ಪಾತ್ರೆಗಳು ಸುಮ್ಮನಾದವು.

ಆ ಎರಡು ವಾರಗಳಲ್ಲಿ ನಾವು ನಿರೀಕ್ಷಿಸದಿದ್ದ ಒಂದು ಸಂಗತಿ ನಡೆಯಿತು. ಕೈಹಾಕದೆ ಬಿಟ್ಟಿದ್ದ ಮಧ್ಯಾಹ್ನದ ಪುಟಗಳೇ ಸುಧಾರಿಸಿದವು. 10 ಪುಟಗಳಿಗೆ 7 ಇದ್ದ ತಪ್ಪು 11 ಪುಟಗಳಿಗೆ 4 ಆಯಿತು. ಮಧ್ಯಾಹ್ನದ ಇಳಿತ ಅನ್ನ ಸಾರು ಉಂಡದ್ದರಿಂದಷ್ಟೇ ಬರುವುದಲ್ಲ. ಊಟ ಬಿಟ್ಟವರಿಗೂ ಅದು ಬರುತ್ತದೆ, ಹೊಟ್ಟೆ ತುಂಬ ಉಂಡರೆ ಇನ್ನಷ್ಟು ಭಾರ. ಆದರೆ ಇವರ ಇಳಿತದ ದೊಡ್ಡ ಪಾಲು ಹಿಂದಿನ ರಾತ್ರಿಯದಾಗಿತ್ತು. ಮೊದಲೇ ಪಟ್ಟಿ ಮಾಡಿದ್ದರೆ ‘ಮಧ್ಯಾಹ್ನ ನನ್ನಿಂದ ಏನೂ ಆಗದು’ ಎಂದು ಬರೆದುಬಿಡುತ್ತಿದ್ದೆವು.

ಆಮೇಲೆ ಹೊಸ ದಿನಚರಿ. ಹತ್ತರಿಂದ ಹನ್ನೆರಡೂವರೆ ಬಿಗಿಯಾದ ಪಠ್ಯ, ನಡುವೆ ಹದಿನೈದು ನಿಮಿಷ ಎದ್ದು ಓಡಾಟ. ಇಮೇಲು, ಫೋನು ಊಟದ ನಂತರಕ್ಕೆ. ಎರಡು ಗಂಟೆಗೆ ಇಪ್ಪತ್ತು ನಿಮಿಷದ ನಿದ್ದೆ, ಅದಕ್ಕಿಂತ ಹೆಚ್ಚಾದರೆ ಗಾಢ ನಿದ್ರೆಗೆ ಇಳಿದು ಏಳುವಾಗ ತಲೆ ಮಂಕಾಗುತ್ತದೆ. 2:30ರಿಂದ 4:30ರವರೆಗೆ ‘ನುಡಿ’ ತಂತ್ರಾಂಶದ ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವಾಗ ಒಡೆದುಹೋಗುವ ಒತ್ತಕ್ಷರಗಳನ್ನೂ ಅರ್ಕಾವತ್ತುಗಳನ್ನೂ ಸರಿಪಡಿಸುವುದು, ಪದಪಟ್ಟಿ ತುಂಬುವುದು, ಬಿಲ್ಲು ಬರೆಯುವುದು. ಇವೂ ಬೇಸರದ ಕೆಲಸಗಳೇ, ಆದರೆ ಇಲ್ಲಿ ತಪ್ಪಾದರೆ ಕಣ್ಣಿಗೆ ರಾಚುತ್ತದೆ, ಅರ್ಥದೊಳಗೆ ಅಡಗಿ ಕೂರುವುದಿಲ್ಲ. ಸಂಜೆ ಐದೂವರೆಗೆ ಬೆಳಗಿನ ಪುಟಗಳನ್ನು ಮೂಲದ ಜೊತೆ ಗಟ್ಟಿಯಾಗಿ ಓದಿ ನೋಡುವುದು. ನಾಲ್ಕರ ಫಿಲ್ಟರ್ ಕಾಫಿಯನ್ನು ಎರಡಕ್ಕೆ, ಮಲಗುವ ಮುಂಚೆಗೆ ಸರಿಸಿದರು. ಕೆಫೀನ್ ಹತ್ತಲು ಅರ್ಧ ಗಂಟೆಯ ಹತ್ತಿರ ಬೇಕು, ಹೀಗಾಗಿ ಅದು ಏಳುವ ಹೊತ್ತಿಗೆ ಕೈಹಿಡಿಯುತ್ತದೆ. ಅದರ ಅರ್ಧದಷ್ಟು ದೇಹದಿಂದ ಹೋಗಲು ಐದು ಗಂಟೆಯ ಆಸುಪಾಸು ಬೇಕಾದ್ದರಿಂದ ರಾತ್ರಿಯ ನಿದ್ರೆಗೂ ಅಷ್ಟು ಒಳ್ಳೆಯದು.

ಕೆಟ್ಟದ್ದು ಮೂರು ಕಡೆ. ಕೆಲಸ ಕೊಡುವ ಸಂಸ್ಥೆಯೊಂದರವರು ಪ್ರತಿದಿನ 11ಕ್ಕೆ ಫೋನ್ ಮಾಡಿ ‘ಎಲ್ಲಿಗೆ ಬಂತು’ ಎಂದು ಕೇಳುತ್ತಿದ್ದರು. ಹತ್ತು ಗಂಟೆಗೇ ಒಂದು ಸಾಲಿನ ಸಂದೇಶ ಕಳುಹಿಸತೊಡಗಿದ ಮೇಲೆ ಫೋನು ನಿಂತಿತು. ಒಂದು ವಾರ ಬೆಳಗಿನ ಹೊತ್ತೇ ವಿದ್ಯುತ್ ಇರಲಿಲ್ಲ, ಅದಕ್ಕೆ ಮದ್ದಿರಲಿಲ್ಲ. ಮೂರನೆಯದು ನಾಜೂಕಿನದು. ಕ್ಯಾಲೆಂಡರಿನ ಅಂಕಿಯನ್ನು ಅವರು ಅಪ್ಪಣೆಯಂತೆ ನೋಡತೊಡಗಿದ್ದರು. ಹತ್ತಕ್ಕೆ ‘6’ ಎನಿಸಿದರೆ ವಿಮೆಯ ಕಡತ ತೆರೆಯುತ್ತಲೇ ಇರಲಿಲ್ಲ. ಆ ಕ್ಷಣದ ಅನಿಸಿಕೆ ಎಷ್ಟು ನಂಬಲರ್ಹ ಎಂದು ಎರಡು ವಾರಗಳಲ್ಲಿ ಕಂಡಿದ್ದೂ ಹೀಗೆ! ಕೊನೆಗೆ ಅಂಕಿ ಬರೆಯುವುದನ್ನೇ ಬಿಡಿಸಿ ಒಂದು ಪರೀಕ್ಷೆ ಇಟ್ಟುಕೊಂಡೆವು. ಏನೇ ಅನಿಸಲಿ, ಹತ್ತಕ್ಕೆ ಕುಳಿತು ಒಂದು ಪರಿಚ್ಛೇದ ಮಾಡುವುದು. ಮೂಲದ ಒಂದೇ ವಾಕ್ಯವನ್ನು ಮೂರು ಸಲ ಓದಬೇಕಾಗಿ ಬಂದರೆ, ಅದು ಎರಡು ವಾಕ್ಯಗಳಲ್ಲಿ ಆದರೆ, ಅವತ್ತು ಒತ್ತಕ್ಷರಗಳ ಕೆಲಸಕ್ಕೆ ಹೋಗುವುದು. ಅಂಥ ದಿನ ಎರಡು ವಾರಗಳಲ್ಲಿ ಒಂದೇ ಬಂತು, ಮಗಳಿಗೆ ಜ್ವರ ಬಂದು ರಾತ್ರಿ ನಿದ್ದೆಗೆಟ್ಟ ಮರುದಿನ.

ತುರ್ತಿನ ಕೆಲಸಕ್ಕೆ ಗಡಿಯಾರವೇ ಯಜಮಾನ, ಅಲ್ಲಿ ಈ ಪಟ್ಟಿ ನಡೆಯುವುದಿಲ್ಲ. ಒಮ್ಮೆ ಹನ್ನೆರಡು ಪುಟ ರಾತ್ರಿಯೇ ಮಾಡಬೇಕಾಯಿತು. ಆಗ ಅಂಕಿ ಮತ್ತು ನಿಷೇಧ ಇರುವ ವಾಕ್ಯಗಳಿಗೆಲ್ಲ ಹಳದಿ ಬಣ್ಣ ಬಳಿದಿಟ್ಟು, ಒಪ್ಪಿಸುವ ಗಡುವನ್ನು ಬೆಳಗಿನ ಒಂಬತ್ತರಿಂದ ಹನ್ನೆರಡಕ್ಕೆ ಕೇಳಿ ಪಡೆದು, ಹಳದಿಯವನ್ನಷ್ಟೇ ಹತ್ತಕ್ಕೆ ಮತ್ತೆ ನೋಡಿದರು.

ಹೊಸ ದಿನಚರಿಯ ಮೊದಲ ಎರಡು ವಾರಗಳಲ್ಲಿ 51 ಪುಟ, 11 ತಪ್ಪು. ಪದಕ್ಕೆ ಇಷ್ಟೆಂದು ಹಣ ಬರುವ ಕೆಲಸವಾದ್ದರಿಂದ ಏಳು ಪುಟ ಕಡಿಮೆ ಎಂದರೆ ಆದಾಯ ಅಷ್ಟು ಕಡಿಮೆ. ಅವರು ಅದನ್ನು ಎತ್ತಿ ಹೇಳಿದರು, ನಾನೂ ಇಲ್ಲಿ ಮುಚ್ಚಿಡುವುದಿಲ್ಲ.

ಈ ಅಂಕಿಗಳನ್ನು ಬರೆದಿಡುವಾಗ ನನ್ನ ಪರಿಷ್ಕರಣೆಯ ಹೊತ್ತುಗಳೂ ಕಡತದಲ್ಲಿ ಕಂಡವು. ಮೊದಲೆರಡು ವಾರಗಳ 58 ಪುಟಗಳಲ್ಲಿ ಬಹುಪಾಲನ್ನು ನಾನು ತಿದ್ದಿದ್ದು ಮಧ್ಯಾಹ್ನ ಎರಡೂವರೆಯಿಂದ ನಾಲ್ಕರೊಳಗೆ, ಊಟ ಮುಗಿಸಿ ಬಂದು. ಇನ್ನೊಬ್ಬರ ಎಚ್ಚರವನ್ನು ತೂಗುತ್ತಿದ್ದವನು ತೂಕಡಿಸುವ ಹೊತ್ತಿನಲ್ಲಿ ತಕ್ಕಡಿ ಹಿಡಿದಿದ್ದೆ. ಸಾಲದೆಂಬಂತೆ, ಯಾವ ಪುಟ ಎಷ್ಟು ಹೊತ್ತಿನದು ಎಂದೂ ನನಗೆ ಗೊತ್ತಿತ್ತು. ಒಂದು ಬೆಳಗ್ಗೆ ಎಂಟೂವರೆಗೆ, ನನ್ನ ತಲೆ ಚುರುಕಾಗಿರುವ ಹೊತ್ತಿನಲ್ಲಿ, ಆ 58ರಿಂದ ಹತ್ತು ಪುಟಗಳನ್ನು ಚೀಟಿ ಎತ್ತಿ ಆರಿಸಿ ಮತ್ತೆ ಓದಿದೆ. ನಾನು ಬಿಟ್ಟಿದ್ದ ನಾಲ್ಕು ತಪ್ಪುಗಳು ಸಿಕ್ಕವು. ಮೂರು ಹತ್ತೂವರೆಯ ನಂತರದ ಪುಟಗಳಲ್ಲಿದ್ದವು. ಐದು ಗಂಟೆಯ ಪುಟಗಳನ್ನು ಅನುಮಾನದಿಂದ ಓದಿದ್ದ ನಾನು ಇವನ್ನು ನಂಬಿಕೆಯ ಮೇಲೆ ದಾಟಿಸಿಬಿಟ್ಟಿದ್ದೆ. ಹಾಗಾಗಿ ಮೇಲೆ ಬರೆದ 22 ಪುಟಗಳಿಗೆ 5 ಎಂಬ ಲೆಕ್ಕವನ್ನು ಓದುಗರು ಹಾಗೆಯೇ ಒಪ್ಪಬಾರದು. ಎರಡು ಹೊತ್ತುಗಳ ನಡುವಿನ ಅಂತರ ನಾನು ತೋರಿಸಿದ್ದಕ್ಕಿಂತ ಕಡಿಮೆ ಇರಲೇಬೇಕು.

ಈಗ ಅವರು ಕಡತ ಕಳುಹಿಸುವ ಮುಂಚೆ ಹೊತ್ತಿನ ಗುರುತುಗಳನ್ನು ಅಳಿಸುತ್ತಾರೆ. ನಾನು ಎಂಟೂವರೆಗೆ ತೆರೆಯುತ್ತೇನೆ.